ಸಿಸ್ಟಂನಲ್ಲಿ 214, ಕಪಾಟಿನಲ್ಲಿ 163: ಸ್ಟಾಕ್ ವ್ಯತ್ಯಾಸದ ಕಾರಣ ಹುಡುಕುವುದು ಹೇಗೆ

ನಾನು ಕೆಲವು ದಿನಸಿ ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಸ್ಟಾಕ್ ಎಣಿಸಿದ ಮರುದಿನ ಬಹುತೇಕ ಎಲ್ಲ ಕಡೆ ನಡೆಯುವುದು ಒಂದೇ. ಎಣಿಸಿದ ಸಂಖ್ಯೆಯನ್ನು ಸಿಸ್ಟಂಗೆ ಹಾಕಿ, ವ್ಯತ್ಯಾಸ ಸೊನ್ನೆ ಮಾಡಿ, ಕೆಲಸದ ಹುಡುಗನ ಮೇಲೆ ಒಂದು ಕಣ್ಣಿಟ್ಟು ಸುಮ್ಮನಾಗುತ್ತಾರೆ. ಮೂರು ತಿಂಗಳಿಗೆ ಅದೇ ಐಟಂನಲ್ಲಿ ಅಷ್ಟೇ ಕಮ್ಮಿ ಮತ್ತೆ ಬಂದು ನಿಂತಿರುತ್ತದೆ.

ತಪ್ಪು ಎಣಿಕೆಯಲ್ಲಿ ಆಗುವುದು ಕಮ್ಮಿ. ಆಗುವುದು ಕ್ರಮದಲ್ಲಿ. ಸಿಸ್ಟಂ ತಿದ್ದುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಕಳ್ಳತನ ಅನ್ನುವ ಮಾತು ಅದಕ್ಕೆ ಒಂದು ಹೆಜ್ಜೆ ಮುಂಚೆ ಬರಬೇಕು, ಮೊದಲ ದಿನವೇ ಅಲ್ಲ. ಇದನ್ನು ಒಂದೇ ಐಟಂ ಹಿಡಿದು ತೋರಿಸುತ್ತೇನೆ: ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್. ಅಂಗಡಿ ಯಾವುದು ಅಂತ ಬೇಡ. ಸಿಸ್ಟಂ ಪ್ರಕಾರ 214 ಪ್ಯಾಕೆಟ್ ಇರಬೇಕಿತ್ತು. ಎಣಿಸಿದಾಗ ಸಿಕ್ಕಿದ್ದು 163. ಪ್ಯಾಕೆಟ್ಟಿಗೆ 130 ರೂಪಾಯಿ ಖರೀದಿ ದರ, ಅಂದರೆ 6,630 ರೂಪಾಯಿ ಮಾಲು ಕಾಣೆ. "ಹುಡುಗನೇ ಎತ್ತಿರೋದು ಸರ್, ಬೇರೆ ಯಾರಿದ್ದಾರೆ?" ಅಂದರು ಮಾಲೀಕರು.

## ಬೇಕಾಗುವ ಸಾಮಾನು

ಎಣಿಕೆ ಹಾಳೆ, ಎರಡು ಬಣ್ಣದ ಪೆನ್ನು, ಎಣಿಸಿ ಮುಗಿದ ರ‍್ಯಾಕಿಗೆ ಗುರುತು ಹಾಕಲು ಸೀಮೆಸುಣ್ಣ ಅಥವಾ ಸ್ಟಿಕ್ಕರ್ ಚೀಟಿ, ಬಾಕ್ಸ್ ಕತ್ತರಿಸುವ ಬ್ಲೇಡು. ಹಿಂದಿನ ಎಣಿಕೆಯ ದಿನದಿಂದ ಇವತ್ತಿನವರೆಗಿನ ಖರೀದಿ ಬಿಲ್‌ಗಳ ಫೈಲು. ರದ್ದಾದ ಬಿಲ್‌ಗಳ ಪಟ್ಟಿ. ಸೋರಿದ್ದು, ಒಡೆದದ್ದು, ಅವಧಿ ಮುಗಿದದ್ದು ಬರೆದಿಡುವ ಪುಸ್ತಕ. ಈ ಕೊನೆಯದ್ದು ನಿಮ್ಮಲ್ಲಿ ಇಲ್ಲದಿದ್ದರೆ ಇವತ್ತೇ ಒಂದು ನೂರು ಪುಟದ ನೋಟ್‌ಬುಕ್ ತಂದಿಡಿ. ಅದಿಲ್ಲದೆ ಒಡಕು ಯಾವುದು, ಕಳವು ಯಾವುದು ಅಂತ ಬೇರೆ ಮಾಡಲು ಆಗುವುದೇ ಇಲ್ಲ.

## ಹಂತ 1: ಗೆರೆ ಎಳೆಯಿರಿ

ಎಣಿಕೆ ಶುರು ಮಾಡುವ ಮುಂಚೆ ಒಂದು ಗಳಿಗೆ ಗೊತ್ತು ಮಾಡಿ. ಉದಾಹರಣೆಗೆ ಭಾನುವಾರ ರಾತ್ರಿ 9:30. ಆ ಹೊತ್ತಿಗೆ ಕೊನೆಯ ಮಾರಾಟ ಬಿಲ್ ನಂಬರ್, ಕೊನೆಯದಾಗಿ ಎಂಟ್ರಿ ಆದ ಖರೀದಿ ಬಿಲ್ ನಂಬರ್, ಎರಡನ್ನೂ ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ. ನಂತರ ಸಿಸ್ಟಂನ ಸ್ಟಾಕ್ ಪಟ್ಟಿಯನ್ನು ಪ್ರಿಂಟ್ ತೆಗೆಯಿರಿ ಅಥವಾ ಎಕ್ಸೆಲ್‌ಗೆ ಇಳಿಸಿ ಇಟ್ಟುಕೊಳ್ಳಿ. ಟ್ಯಾಲಿಯಲ್ಲಾದರೆ `Stock Summary`. ಮಾರನೇ ದಿನ ತೆಗೆದರಾಯ್ತು ಅಂದುಕೊಳ್ಳಬೇಡಿ. ಅಷ್ಟರಲ್ಲಿ ಯಾರಾದರೂ ಹಿಂದಿನ ತಾರೀಖಿಗೆ ಒಂದು ಬಿಲ್ ಹಾಕಿಬಿಟ್ಟಿರುತ್ತಾರೆ.

ಈಗ ಒಂದು ಪ್ರಶ್ನೆಯನ್ನು ಅಂಗಡಿಯ ಎಲ್ಲರಿಗೂ ಕೇಳಿ: ಮಾಲು ಓಡಾಡಿದೆ, ಕಾಗದ ಓಡಾಡಿಲ್ಲ, ಅಂಥದ್ದು ಏನಿದೆ? ಕರೆಂಟ್ ಹೋದಾಗ ಕೈಯಲ್ಲಿ ಬರೆದ ಬಿಲ್, ಬಂದು ಬಿದ್ದಿರುವ ಆದರೆ ಎಂಟ್ರಿ ಆಗದ ಮಾಲು, ಮಾಲೀಕರ ಮನೆಗೆ ಹೋದ ಸಾಮಾನು, ಗಿರಾಕಿ ವಾಪಸ್ ತಂದಿದ್ದು, ಡೀಲರ್‌ಗೆ ವಾಪಸ್ ಕೊಡಲು ಪಕ್ಕಕ್ಕಿಟ್ಟಿದ್ದು. ಮಾಲೀಕರ ಮನೆ ಸಾಮಾನಿನ ವಿಷಯ ಹುಡುಗರು ತಾವಾಗಿ ಬಾಯಿ ಬಿಡುವುದಿಲ್ಲ. ನೀವೇ ಕೇಳಬೇಕು, ಅದೂ ಮಾಲೀಕರನ್ನೇ ಕೇಳಬೇಕು.

ನಮ್ಮ ಅಂಗಡಿಯಲ್ಲಿ ಎರಡು ಸಿಕ್ಕಿತು. ಕೈಬರಹದ ಬಿಲ್‌ಗಳಲ್ಲಿ 3 ಪ್ಯಾಕೆಟ್ ಮಾರಾಟವಾಗಿತ್ತು. ಬೆಳಿಗ್ಗೆ ಬಂದ ಒಂದು ಬಾಕ್ಸ್ ಎಣ್ಣೆಯ ಎಂಟ್ರಿ ಆಗಿರಲಿಲ್ಲ.

## ಹಂತ 2: ಸಿಸ್ಟಂ ಸಂಖ್ಯೆ ತೋರಿಸದೆ ಎಣಿಸಿ

ಎಣಿಸುವವರ ಹಾಳೆಯಲ್ಲಿ ಐಟಂ ಹೆಸರು, ಅಳತೆ, ಜಾಗ ಇಷ್ಟೇ ಇರಲಿ. ಸಿಸ್ಟಂನಲ್ಲಿ ಎಷ್ಟಿದೆ ಅನ್ನುವುದು ಇರಬಾರದು. ಮುಂದೆ 214 ಅಂತ ಕಂಡರೆ, 209 ಎಣಿಸಿದವನು "ಎಲ್ಲೋ ಐದು ಬಿಟ್ಟೆ" ಅಂದುಕೊಂಡು 214 ಬರೆದುಬಿಡುತ್ತಾನೆ. ಅವನು ಮೋಸಗಾರನಲ್ಲ. ರಾತ್ರಿ ಹನ್ನೊಂದಾಗಿರುತ್ತದೆ, ಅಷ್ಟೇ.

ಐಟಂ ಹಿಡಿದು ಅಂಗಡಿಯೆಲ್ಲ ಹುಡುಕಬೇಡಿ. ಜಾಗ ಹಿಡಿದು ಎಣಿಸಿ: ಮೊದಲ ರ‍್ಯಾಕಿನ ಮೇಲಿನ ಹಲಗೆ, ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನದು. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ. ಮುಗಿದ ಹಲಗೆಗೆ ಗುರುತು ಬೀಳಲಿ. ಒಂದೇ ಐಟಂ ಮೂರು ಜಾಗದಲ್ಲಿದ್ದರೆ ಮೂರು ಸಾಲು ಬರೆಯಿರಿ, ಮನಸ್ಸಿನಲ್ಲಿ ಕೂಡಬೇಡಿ. ಕೂಡಿದ ಸಂಖ್ಯೆ ತಪ್ಪಾದರೆ ಎಲ್ಲಿ ತಪ್ಪಾಯ್ತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಸೀಲ್ ಇರುವ ಬಾಕ್ಸನ್ನು "ಎಷ್ಟು ಬಾಕ್ಸ್" ಅಂತ ಮಾತ್ರ ಬರೆಯಿರಿ. ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೂ ಓದಿ ಪಕ್ಕದಲ್ಲಿ ಬರೆಯಿರಿ. ನೆನಪಿನಿಂದ ಗುಣಿಸಬೇಡಿ. ನಮ್ಮ 163 ಬಂದದ್ದೇ ಹೀಗೆ ನೆನಪಿನಿಂದ: ಬಿಡಿ 103, ಜೊತೆಗೆ 5 ಬಾಕ್ಸ್ ಗುಣಿಸು 12.

## ಹಂತ 3: ವ್ಯತ್ಯಾಸ ಬಂದದ್ದನ್ನು ಮಾತ್ರ ಮತ್ತೆ ಎಣಿಸಿ

ಎಲ್ಲವನ್ನೂ ಎರಡು ಸಲ ಎಣಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಅಗತ್ಯವೂ ಇಲ್ಲ. ವ್ಯತ್ಯಾಸವನ್ನು ರೂಪಾಯಿಗೆ ಪರಿವರ್ತಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಇಪ್ಪತ್ತು ಮೂವತ್ತು ಐಟಂ ಮತ್ತೆ ಎಣಿಸಿದರೆ ಸಾಕು. ಜೋಡಿಸುವಾಗ ಜಾಸ್ತಿ ಬಂದದ್ದನ್ನೂ ಕಮ್ಮಿ ಬಂದದ್ದನ್ನೂ ಸಮನಾಗಿ ನೋಡಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆಗಿ ಒಟ್ಟು ಸೊನ್ನೆಗೆ ಬಂದರೆ ಖುಷಿಪಡಬೇಡಿ. ಅಲ್ಲಿ ಎರಡು ತಪ್ಪು ಅಡಗಿ ಕೂತಿರುತ್ತವೆ.

ಎರಡನೇ ಸಲ ಎಣಿಸುವವರು ಬೇರೆಯವರಾಗಿರಬೇಕು. ಮೊದಲು ಎಣಿಸಿದವರೇ ಮತ್ತೆ ಎಣಿಸಿದರೆ, ಒಮ್ಮೆ ಬಿಟ್ಟ ಜಾಗವನ್ನೇ ಮತ್ತೆ ಬಿಡುತ್ತಾರೆ. ನಮ್ಮಲ್ಲಿ ಎರಡನೇ ಸಲ ಎಣಿಸಿದ ಹೆಂಗಸು ಮೆಟ್ಟಿಲ ಕೆಳಗೆ ಗೋಣಿ ಸರಿಸಿ ಇನ್ನೆರಡು ಸೀಲ್ ಬಾಕ್ಸ್ ಹೊರಗೆ ತೆಗೆದರು. ಜೊತೆಗೆ ಒಂದು ಬಾಕ್ಸ್ ಬ್ಲೇಡಿನಿಂದ ಕೊಯ್ದು ನೋಡಿದರು. ಒಳಗೆ ಹತ್ತೇ ಪ್ಯಾಕೆಟ್. ಹೊರಗೂ 10 ಅಂತಲೇ ಅಚ್ಚಾಗಿತ್ತು, ಯಾರೂ ಓದಿರಲಿಲ್ಲ. ಈಗ ಲೆಕ್ಕ: ಬಿಡಿ 103, ಬಾಕ್ಸ್ 7 ಗುಣಿಸು 10, ಒಟ್ಟು 173.

ಸಿಸ್ಟಂ ಕಡೆಯನ್ನೂ ಹಂತ 1ರಲ್ಲಿ ಸಿಕ್ಕಿದ್ದಕ್ಕೆ ಸರಿಮಾಡಿ:

```
ಸಿಸ್ಟಂ ಸ್ಟಾಕ್                  214
ಎಂಟ್ರಿ ಆಗದ ಮಾರಾಟ              -  3
ಎಂಟ್ರಿ ಆಗದ ಖರೀದಿ (1 ಬಾಕ್ಸ್)    + 10
ಇರಬೇಕಾದದ್ದು                    221
ಎಣಿಸಿದ್ದು                       173
ವ್ಯತ್ಯಾಸ                       - 48
```

ಗಮನಿಸಿ. ಎಣಿಕೆಯಲ್ಲಿ ಹತ್ತು ಪ್ಯಾಕೆಟ್ ಹೆಚ್ಚು ಸಿಕ್ಕಿದರೂ ವ್ಯತ್ಯಾಸ 51ರಿಂದ 48ಕ್ಕೆ ಮಾತ್ರ ಇಳಿಯಿತು. ಸರಿಮಾಡಿದಷ್ಟೂ ವ್ಯತ್ಯಾಸ ಕಮ್ಮಿಯಾಗಲೇಬೇಕು ಅಂತೇನಿಲ್ಲ. ಕೆಲವೊಮ್ಮೆ ಜಾಸ್ತಿಯೂ ಆಗುತ್ತದೆ. ಇಲ್ಲಿ ಹೆದರಿ ನಿಲ್ಲಿಸುವವರೇ ಹೆಚ್ಚು.

## ಹಂತ 4: ಸಂಖ್ಯೆಯ ಆಕಾರ ನೋಡಿ

ಕಾಗದ ಬಿಚ್ಚುವ ಮುಂಚೆ ಐದು ನಿಮಿಷ ಸುಮ್ನೆ ಆ ವ್ಯತ್ಯಾಸವನ್ನೇ ನೋಡಿ. ಕಾರಣ ಯಾವ ಕಡೆಯಿದೆ ಅಂತ ಸಂಖ್ಯೆಯೇ ಅರ್ಧ ಹೇಳಿರುತ್ತದೆ.

ವ್ಯತ್ಯಾಸ ಬಾಕ್ಸಿನ ಲೆಕ್ಕಕ್ಕೆ ಹತ್ತಿರವಿದ್ದರೆ, ಅಥವಾ ಒಂದು ಖರೀದಿ ಬಿಲ್ಲಿನ ಪ್ರಮಾಣಕ್ಕೆ ಸರಿಯಾಗಿ ಹೊಂದಿದರೆ, ಅದು ಎಂಟ್ರಿಯ ತಪ್ಪು. ಕಳ್ಳರು ಡಜನ್ ಲೆಕ್ಕದಲ್ಲಿ ಕದಿಯುವುದು ಅಪರೂಪ. ಒಂದು ಐಟಂನಲ್ಲಿ 5 ಕಮ್ಮಿ, ಅದರ ಪಕ್ಕದ ಹೆಸರಿನ ಐಟಂನಲ್ಲಿ 5 ಜಾಸ್ತಿ ಇದ್ದರೆ ಬಿಲ್ ಮಾಡುವಾಗ ಹೆಸರು ಅದಲುಬದಲಾಗಿದೆ. 54 ಇದ್ದದ್ದು 45 ಆಗಿದ್ದರೆ ವ್ಯತ್ಯಾಸ 9. ಅಂಕಿ ತಿರುಗುಮುರುಗಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಸ್ಟಾಕ್ ಮೈನಸ್‌ನಲ್ಲಿ ತೋರಿಸುತ್ತಿದ್ದರೆ ಖರೀದಿ ಎಂಟ್ರಿ ಬಾಕಿ ಇದೆ, ಇಲ್ಲವೇ ಬೇರೆ ಐಟಂ ಹೆಸರಲ್ಲಿ ಬಿಲ್ ಆಗುತ್ತಿದೆ. ಮೈನಸ್ ಸ್ಟಾಕ್ ಕಂಡ ದಿನವೇ ಹುಡುಕಿ, ಎಣಿಕೆಯವರೆಗೆ ಕಾಯಬೇಡಿ.

ಬಿಡಿ ಮಾಲಿನದು ಬೇರೆ ಕಥೆ. ಸಕ್ಕರೆ 50 ಕೆ.ಜಿ. ಚೀಲದಿಂದ ಒಂದೊಂದು ಕೆ.ಜಿ. ಕವರ್ ಕಟ್ಟುವಾಗ ಪ್ರತಿ ಕವರಿಗೆ 10 ಗ್ರಾಂ ಹೆಚ್ಚು ಬಿದ್ದರೆ ಚೀಲಕ್ಕೆ ಅರ್ಧ ಕೆ.ಜಿ. ಹೋಯಿತು. ಇಲ್ಲಿ ಕಮ್ಮಿ ಅನ್ನುವುದು ಮಾರಾಟದ ಜೊತೆಗೇ ಬೆಳೆಯುತ್ತದೆ: ಎಷ್ಟು ಜಾಸ್ತಿ ಮಾರಿದಿರೋ ಅಷ್ಟು ಜಾಸ್ತಿ ಕಮ್ಮಿ. ಕಟ್ಟಿಟ್ಟ ಹತ್ತು ಕವರ್ ತೂಕ ಹಾಕಿ ನೋಡಿ, ತೂಕದ ಯಂತ್ರವನ್ನು ಮುದ್ರೆ ಇರುವ ತೂಕದ ಬಟ್ಟಿನಿಂದ ಪರೀಕ್ಷಿಸಿ. ಬೆಲ್ಲ ಒಣಗಿ ತೂಕ ಇಳಿಯುವುದು, ಮಳೆಗಾಲದಲ್ಲಿ ಕರಗುವುದು ಇದೇ ಗುಂಪಿಗೆ ಸೇರುತ್ತದೆ.

## ಹಂತ 5: ಖರೀದಿ ಬಿಲ್ ಕಡೆಯಿಂದ ಹುಡುಕಿ

48ಕ್ಕೆ ಬರೋಣ. ಹಿಂದಿನ ಎಣಿಕೆಯ ದಿನ ಆ ಐಟಂ ಸರಿಯಾಗಿತ್ತು. ಹಾಗಾಗಿ ಅದರ ಹಿಂದಕ್ಕೆ ಹೋಗುವ ಅಗತ್ಯ ಇರಲಿಲ್ಲ. ಅಲ್ಲಿಂದೀಚೆಗೆ ಬಂದ ಪ್ರತಿ ಖರೀದಿ ಬಿಲ್ಲನ್ನು ಸಿಸ್ಟಂನ ಎಂಟ್ರಿ ಪಕ್ಕದಲ್ಲಿಟ್ಟು ನೋಡಿದೆವು. ಮೊತ್ತ ನೋಡಬೇಡಿ, ಪ್ರಮಾಣ ನೋಡಿ. ಹೆಚ್ಚಿನ ಅಕೌಂಟೆಂಟ್‌ಗಳು ತಪ್ಪುವುದೇ ಇಲ್ಲಿ. ಮೊತ್ತಕ್ಕೆ ಟಿಕ್ ಹಾಕಿ ಮುಂದೆ ಹೋಗಿಬಿಡುತ್ತಾರೆ.

ಮೂರು ಬಿಲ್‌ಗಳಲ್ಲಿ ಒಟ್ಟು 20 ಬಾಕ್ಸ್ ಹೊಸ ಪ್ಯಾಕಿಂಗ್‌ನದ್ದು, ಹತ್ತರದ್ದು, ಬಂದಿತ್ತು. ಸಿಸ್ಟಂನಲ್ಲಿ ಆ ಐಟಂಗೆ ಒಂದು ಬಾಕ್ಸ್ ಅಂದರೆ 12 ಅಂತ ಹಿಂದೆ ಯಾವತ್ತೋ ಬರೆದದ್ದು ಹಾಗೇ ಉಳಿದಿತ್ತು. ಎಂಟ್ರಿ ಮಾಡುವ ಹುಡುಗಿ 20 ಬಾಕ್ಸ್ ಅಂತ ಒತ್ತಿದಳು, ಸಿಸ್ಟಂ 240 ಅಂತ ಸೇರಿಸಿಕೊಂಡಿತು. ಬಂದದ್ದು 200. ನಲವತ್ತು ಪ್ಯಾಕೆಟ್ ಅಂಗಡಿಗೆ ಬರಲೇ ಇಲ್ಲ, ಇನ್ನು ಕದಿಯುವುದು ಎಲ್ಲಿಂದ?

ಬಿಲ್ ಮೊತ್ತ ಪೈಸೆ ತಪ್ಪದೆ ಸರಿಯಿತ್ತು. ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ಒಂದು ಸುಳಿವು ಮಾತ್ರ ಮುಂಚಿನಿಂದಲೂ ಕಣ್ಣೆದುರಿಗೇ ಇತ್ತು. ಬಾಕ್ಸಿಗೆ 1,300 ರೂಪಾಯಿ. ಹತ್ತರಿಂದ ಭಾಗಿಸಿದರೆ 130, ಹನ್ನೆರಡರಿಂದ ಭಾಗಿಸಿದರೆ ಸುಮಾರು 108. ಸಿಸ್ಟಂ 108 ತೋರಿಸುತ್ತಿತ್ತು. ಎಣ್ಣೆಯಲ್ಲಿ ಅಷ್ಟು ಲಾಭ ಯಾವ ಅಂಗಡಿಯವರಿಗೂ ಸಿಗುವುದಿಲ್ಲ. ಒಂದು ಐಟಂನ ಖರೀದಿ ದರ ಇದ್ದಕ್ಕಿದ್ದಂತೆ ಇಳಿದು ಲಾಭ ಚೆನ್ನಾಗಿ ಕಂಡರೆ, ಮೊದಲು ಬಾಕ್ಸಿನ ಲೆಕ್ಕ ನೋಡಿ.

ಇದೇ ಹಂತದಲ್ಲಿ ನೋಡಬೇಕಾದ್ದು ಇನ್ನೂ ಕೆಲವಿವೆ. ಒಂದೇ ಬಿಲ್ ಎರಡು ಸಲ ಎಂಟ್ರಿ ಆಗಿದೆಯೇ? ಬಿಲ್ ಪ್ರಕಾರ ಎಂಟ್ರಿ ಆಗಿ, ಮಾಲು ಕಮ್ಮಿ ಇಳಿದಿದೆಯೇ? ಸ್ಕೀಮಿನ ಫ್ರೀ ಪೀಸ್ ಸಿಸ್ಟಂಗೆ ಸೇರಿದೆಯೇ? ಫ್ರೀ ಪೀಸ್ ಎಂಟ್ರಿ ಆಗದಿದ್ದರೆ ಸ್ಟಾಕ್ ಜಾಸ್ತಿ ಬರುತ್ತದೆ. ಆ ಜಾಸ್ತಿ ಬೇರೊಂದು ಕಳವನ್ನು ಮುಚ್ಚಿಬಿಡುತ್ತದೆ.

## ಹಂತ 6: ಮಾರಾಟ, ಆಮೇಲೆ ಒಡಕು

ಉಳಿದದ್ದು 8. ಅದೇ ಕಂಪನಿಯ ರೈಸ್ ಬ್ರ್ಯಾನ್ ಎಣ್ಣೆ ಒಂದು ಲೀಟರ್ ಪ್ಯಾಕೆಟ್‌ನಲ್ಲಿ 5 ಜಾಸ್ತಿ ಬಂದಿತ್ತು. ಕೌಂಟರಿನಲ್ಲಿ ನಿಂತು ನೋಡಿದೆ. ಸ್ಕ್ಯಾನರ್ ಬಾರ್‌ಕೋಡ್ ಹಿಡಿಯದಿದ್ದಾಗ ಹುಡುಗಿ ಹೆಸರಿನ ಮೊದಲ ಮೂರು ಅಕ್ಷರ ಒತ್ತಿ ಪಟ್ಟಿಯಲ್ಲಿ ಮೇಲೆ ಕಂಡದ್ದನ್ನು ಆರಿಸುತ್ತಿದ್ದಳು. ಎಣ್ಣೆ ಅಂಟಿದ ಪ್ಯಾಕೆಟ್ ಸ್ಕ್ಯಾನ್ ಆಗುವುದು ಕಷ್ಟ ಅಲ್ವಾ. ಸೂರ್ಯಕಾಂತಿ ಮಾರಿ, ರೈಸ್ ಬ್ರ್ಯಾನ್ ಬಿಲ್ ಆಗಿತ್ತು. ಆದರೆ ಐದಕ್ಕೆ ಐದು ಹೊಂದಿತು ಅಂತ ಸುಮ್ನೆ ಜೋಡಿಸಿಬಿಡಬೇಡಿ. ಅಂಥ ಒಂದಾದರೂ ಬಿಲ್ ಕಣ್ಣಾರೆ ಸಿಗಬೇಕು. ನಮಗೆ ಒಂದು ಸಿಕ್ಕಿತು. ರೈಸ್ ಬ್ರ್ಯಾನ್ ಎಣ್ಣೆ ಯಾವತ್ತೂ ಒಯ್ಯದ ಹೋಟೆಲಿನವರ ಸಾಲದ ಬಿಲ್‌ನಲ್ಲಿ ಮೂರು ರೈಸ್ ಬ್ರ್ಯಾನ್ ಇತ್ತು.

ಇನ್ನು 3. ಒಡಕಿನ ಪುಸ್ತಕದಲ್ಲಿ ಎರಡು ಸೋರಿದ ಪ್ಯಾಕೆಟ್ ಬರೆದಿತ್ತು, ಸಿಸ್ಟಂನಲ್ಲಿ ಕಳೆದಿರಲಿಲ್ಲ. ಬರೆದದ್ದನ್ನು ಹಾಗೇ ನಂಬಬೇಡಿ. ಖಾಲಿ ಪ್ಯಾಕೆಟ್, ಒಡೆದ ಬಾಟಲಿಯ ಕತ್ತು, ಇಲಿ ಕಡಿದ ಕವರ್, ಏನಾದರೂ ಸಾಕ್ಷಿ ಒಂದು ಬುಟ್ಟಿಯಲ್ಲಿ ಬಿದ್ದಿರಬೇಕು. ವಾರಕ್ಕೊಮ್ಮೆ ಮಾಲೀಕರು ನೋಡಿ ಸಹಿ ಹಾಕಿ, ಆಮೇಲೆ ಎಸೆಯಲಿ. ಸಾಕ್ಷಿ ಕೇಳದ ಒಡಕಿನ ಪುಸ್ತಕ ಕಳವಿಗೆ ಒಳ್ಳೆಯ ಮರೆ. ದುಬಾರಿ ಮಾಲು ಮಾತ್ರ ಜಾಸ್ತಿ ಒಡೆಯುತ್ತಿದ್ದರೆ, ಅಥವಾ ಒಬ್ಬರದೇ ಪಾಳಿಯಲ್ಲಿ ಒಡೆಯುತ್ತಿದ್ದರೆ, ಎಚ್ಚರ.

ಕೊನೆಗೆ ಉಳಿದದ್ದು 1. ಇದು "ಕಾರಣ ಗೊತ್ತಿಲ್ಲ". ಅದಕ್ಕೆ ಕಾರಣ ಹುಟ್ಟಿಸಬೇಡಿ, ಹಾಗೇ ಬರೆಯಿರಿ.

## ಹಂತ 7: ಕಳವು ಅನ್ನುವ ಮುಂಚೆ ಕಾಲ ಕಿರಿದು ಮಾಡಿ

ಮೇಲಿನದ್ದೆಲ್ಲ ಮುಗಿದ ಮೇಲೂ ದೊಡ್ಡ ಕಮ್ಮಿ ಉಳಿದರೆ ಮಾತ್ರ ಇಲ್ಲಿಗೆ ಬನ್ನಿ. ಕಳವಿನ ಕಮ್ಮಿಗೆ ಆಕಾರ ಇರುವುದಿಲ್ಲ: 7, 3, 11. ಜೇಬಿಗೆ ಹೋಗುವಷ್ಟು ಚಿಕ್ಕ, ಬೆಲೆ ಜಾಸ್ತಿ ಇರುವ ಮಾಲು. ಬ್ಲೇಡ್ ಕಾರ್ಟ್ರಿಜ್, ಏಲಕ್ಕಿ, ಗೋಡಂಬಿ, ಕ್ರೀಮು.

ಮೂರು ತಿಂಗಳ ಕಮ್ಮಿಯಿಂದ ಯಾರನ್ನೂ ಹಿಡಿಯಲು ಆಗುವುದಿಲ್ಲ. ಅಂಥ ಹತ್ತು ಐಟಂ ಮಾತ್ರ ಆರಿಸಿ, ಬೆಳಿಗ್ಗೆ ಬಾಗಿಲು ತೆಗೆದಾಗ ಮತ್ತು ರಾತ್ರಿ ಮುಚ್ಚುವಾಗ ಎಣಿಸಿ. ಹತ್ತು ನಿಮಿಷದ ಕೆಲಸ. ಎರಡು ವಾರದಲ್ಲಿ ಕಮ್ಮಿ ಯಾವ ದಿನ, ಯಾವ ಹೊತ್ತು ಅನ್ನುವುದು ಕಾಣುತ್ತದೆ. ಬೆಳಿಗ್ಗೆಯ ಎಣಿಕೆ ಹಿಂದಿನ ರಾತ್ರಿಯದಕ್ಕಿಂತ ಕಮ್ಮಿಯಿದ್ದರೆ ಅಂಗಡಿ ಮುಚ್ಚಿದ ಮೇಲೆ ಹೋಗಿದೆ, ಅಂದರೆ ಬೀಗದ ಕೈ ಇರುವವರ ವಿಷಯ.

ಇನ್ನೊಂದು ಅಂಗಡಿಯಲ್ಲಿ 250 ಗ್ರಾಂ ಗೋಡಂಬಿ ಪ್ಯಾಕೆಟ್ ಹೀಗೆ ಎಣಿಸಿದಾಗ ಮೂರು ಸಂಜೆ ಮಾತ್ರ ಕಮ್ಮಿ ಬಂತು. ರದ್ದಾದ ಬಿಲ್‌ಗಳ ಪಟ್ಟಿ ತೆಗೆದೆವು. ಅದೇ ಮೂರು ಸಂಜೆ, ಗೋಡಂಬಿ ಇದ್ದ ನಗದು ಬಿಲ್, ಆದ ಐದಾರು ನಿಮಿಷಕ್ಕೆ ರದ್ದು. ಗಿರಾಕಿ ದುಡ್ಡು ಕೊಟ್ಟು ಬಿಲ್ ಬೇಡ ಅಂದು ಹೋಗಿದ್ದಾರೆ. ಆ ದುಡ್ಡು ಗಲ್ಲಾಕ್ಕೆ ಹೋಗದೆ ಯಾರದೋ ಜೇಬಿಗೆ ಹೋಗಿದೆ. ಬಿಲ್ ರದ್ದಾದಾಗ ಸಿಸ್ಟಂ ಪ್ಯಾಕೆಟ್ಟನ್ನು ಸ್ಟಾಕಿಗೆ ವಾಪಸ್ ಸೇರಿಸಿದೆ, ಗಲ್ಲಾದ ಲೆಕ್ಕವೂ ಸರಿ ಹೊಂದಿದೆ. ಕಪಾಟಿನಲ್ಲಿ ಮಾತ್ರ ಪ್ಯಾಕೆಟ್ ಇಲ್ಲ. ಹೀಗಾಗಿ ನಗದು ಸರಿಯಿದೆ ಅನ್ನುವುದು ಕಳವಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ.

ರದ್ದು ಮಾಡಿದ ಲಾಗಿನ್ ಒಬ್ಬರದೇ ಆಗಿತ್ತು. ಆದರೆ ಅದರ ಪಾಸ್‌ವರ್ಡ್ ನಾಲ್ಕು ಜನಕ್ಕೆ ಗೊತ್ತಿತ್ತು, ಕೌಂಟರ್ ಪಕ್ಕ ಚೀಟಿಯಲ್ಲಿ ಅಂಟಿಸಿದ್ದರು. ಯಾರ ಹೆಸರನ್ನೂ ಹೇಳಲು ಆಗಲಿಲ್ಲ. ಅವತ್ತಿಂದ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ರದ್ದು ಮಾಡಲು ಮಾಲೀಕರ ಪಾಸ್‌ವರ್ಡ್ ಅಂತ ಮಾಡಿದರು. ಆಮೇಲೆ ಗೋಡಂಬಿ ಸರಿ ಬಂತು.

## ಹಂತ 8: ಈಗ ಸಿಸ್ಟಂ ತಿದ್ದಿ

ನಮ್ಮ ಎಣ್ಣೆಯ ಪೂರ್ತಿ ಲೆಕ್ಕ ಹೀಗೆ ಮುಗಿಯಿತು:

```
ಇರಬೇಕಾದದ್ದು             221
ಬಾಕ್ಸ್ ಲೆಕ್ಕದ ತಪ್ಪು       - 40
ಬೇರೆ ಐಟಂ ಬಿಲ್ ಆದದ್ದು     -  5
ಸೋರಿದ್ದು                -  2
ಕಾರಣ ಗೊತ್ತಿಲ್ಲ           -  1
ಎಣಿಸಿದ್ದು                173
```

ಒಂದೇ ಸಲ 173 ಅಂತ ಹೊಡೆಯಬೇಡಿ. ಪ್ರತಿ ಕಾರಣವನ್ನೂ ಅದರ ಜಾಗದಲ್ಲೇ ತಿದ್ದಿ. ಬಿಟ್ಟುಹೋದ ಮಾರಾಟ, ಖರೀದಿ ಮೊದಲು ಎಂಟ್ರಿ ಮಾಡಿ. ಖರೀದಿ ಬಿಲ್‌ಗಳ ಪ್ರಮಾಣ ಸರಿಮಾಡಿ. ಇನ್ನು ಮುಂದೆ ಆ ಐಟಂನ ಖರೀದಿಯನ್ನು ಬಾಕ್ಸಿನಲ್ಲಿ ಹಾಕದೆ ಪೀಸ್‌ನಲ್ಲೇ ಹಾಕುವುದು ವಾಸಿ. ಕಂಪನಿಯವರು ಪ್ಯಾಕಿಂಗ್ ಮತ್ತೆ ಬದಲಿಸಿದರೂ ಆಗ ತೊಂದರೆಯಿಲ್ಲ. ಅದಲುಬದಲಾದ ಐದನ್ನು ಎರಡೂ ಐಟಂಗಳಲ್ಲಿ ಸರಿಮಾಡಿ. ಸೋರಿದ ಎರಡು ಮತ್ತು ಗೊತ್ತಿಲ್ಲದ ಒಂದನ್ನು ಬೇರೆ ಬೇರೆ ಕಾರಣ ಬರೆದು ಕಳೆಯಿರಿ. ಟ್ಯಾಲಿಯ `Physical Stock` ವೋಚರ್ ಎಣಿಸಿದ ಸಂಖ್ಯೆಯನ್ನು ಆ ದಿನದ ಸ್ಟಾಕ್ ಮಾಡಿಬಿಡುತ್ತದೆ, ಕಾರಣ ಕೇಳುವುದಿಲ್ಲ. ಆದ್ದರಿಂದ ಅದು ಕೊನೆಗೆ ಉಳಿದ ಒಂದೆರಡಕ್ಕೆ ಮಾತ್ರ. ಎಣಿಸಿದವರೇ ತಿದ್ದುವುದು ಬೇಡ, ತಿದ್ದಿದ್ದಕ್ಕೆ ಮಾಲೀಕರ ಸಹಿ ಇರಲಿ.

ಜಿಎಸ್‌ಟಿ ಕಡೆಯಿಂದ ಒಂದು ಮಾತು. ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಮಾಲಿಗೆ, ಖರೀದಿಯಲ್ಲಿ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(h) ಅದು. ತೆಗೆದುಕೊಂಡಿದ್ದರೆ ವಾಪಸ್ ಮಾಡಬೇಕು. ಇಲ್ಲಿ ನಿಜವಾಗಿ ಹೋದದ್ದು 3 ಪ್ಯಾಕೆಟ್, 390 ರೂಪಾಯಿ, ಖಾದ್ಯ ಎಣ್ಣೆಯ 5% ದರದಲ್ಲಿ 19 ರೂಪಾಯಿ 50 ಪೈಸೆ. ಕಾರಣ ಹುಡುಕದೆ 51 ಪ್ಯಾಕೆಟ್ಟನ್ನೂ ನಷ್ಟ ಅಂತ ಬರೆದಿದ್ದರೆ, ಬರದೇ ಇದ್ದ ಮಾಲಿಗೂ ಕ್ರೆಡಿಟ್ ಬಿಟ್ಟುಕೊಡಬೇಕಾಗುತ್ತಿತ್ತು.

## ಹಂತ 9: ಮುಂದಿನ ಎಣಿಕೆ

ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಎಲ್ಲವನ್ನೂ ಎಣಿಸುವುದು ಇದ್ದೇ ಇದೆ. ಅದರ ಜೊತೆಗೆ ದಿನಕ್ಕೆ ಒಂದು ಹಲಗೆ ಎಣಿಸಿ. ಬೆಲೆ ಜಾಸ್ತಿ ಇರುವುದು ಮತ್ತು ಹಿಂದೆ ವ್ಯತ್ಯಾಸ ಬಂದದ್ದು ತಿಂಗಳಿಗೊಮ್ಮೆ, ಉಪ್ಪು ಬೆಂಕಿಪೊಟ್ಟಣ ಮೂರು ತಿಂಗಳಿಗೊಮ್ಮೆ ಸಾಕು. ಎರಡು ಎಣಿಕೆಗಳ ನಡುವಿನ ದಿನ ಕಮ್ಮಿಯಾದಷ್ಟೂ ಬಿಚ್ಚಬೇಕಾದ ಬಿಲ್ ಕಮ್ಮಿ. ಎಣ್ಣೆಗೆ ನಾವು ಮೂರು ತಿಂಗಳ ಫೈಲು ತಿರುಗಿಸಬೇಕಾಯ್ತು. ಒಂದು ತಿಂಗಳಿಗೆ ಎಣಿಸಿದ್ದರೆ ಹೊಸ ಪ್ಯಾಕಿಂಗಿನ ಮೊದಲ ಬಿಲ್‌ನಲ್ಲೇ ಸಿಕ್ಕಿಬೀಳುತ್ತಿತ್ತು.

ಆ ಹುಡುಗ ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಬಾಕ್ಸ್ ಇಳಿಸುವಾಗ ಮೇಲಿನ ಸಂಖ್ಯೆ ಜೋರಾಗಿ ಓದಿ, ಬಿಲ್ ಮೇಲೆ ಬರೆಯುವ ಕೆಲಸ ಅವನದೇ.